ಹೆಬ್ಬೆಟ್ಟು ಕದ್ದವರೂ ಮೂರು ದಿನಗಳ ಲೆಕ್ಕವೂ



ಗಲಗಲಿಯಿಂದ ಹೊರಟು ಊರೂರು ಸೇರಿರುವ ನಿಮ್ಮಲ್ಲಿ ಹಲವರು ಫೋನು ಮಾಡಿದಾಗ ಕುಶಲ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆಯೊಂದಿದೆ. "ಸರ್, ಊರಲ್ಲಿರುವ ಅವ್ವನ ಖಾತೆಯಿಂದ ಯಾರೋ ಹಣ ತೆಗೆದಿದ್ದಾರೆ. ಅವಳು ಯಾರಿಗೂ ಯಾವ ನಂಬರನ್ನೂ ಹೇಳಿಲ್ಲ. ಬ್ಯಾಂಕಿನವರು ಪೊಲೀಸರ ಕಡೆ ಹೋಗಿ ಎನ್ನುತ್ತಾರೆ, ಪೊಲೀಸರು ಬ್ಯಾಂಕಿನ ಕಡೆ ಹೋಗಿ ಎನ್ನುತ್ತಾರೆ. ಹಣ ಮರಳಿ ಕೊಡಬೇಕೆಂಬ ನಿಯಮವೇನಾದರೂ ಇದೆಯೇ?"

ಇದೆ. ಅದು ಕೇವಲ ಸಲಹೆಯಲ್ಲ, ರಿಸರ್ವ್ ಬ್ಯಾಂಕಿನ ಲಿಖಿತ ಆದೇಶ. 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕನ ಅನುಮತಿಯಿಲ್ಲದೆ ಖಾತೆಯಿಂದ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಹಣ ಹೋದಾಗ ನಷ್ಟ ಯಾರ ಪಾಲಿಗೆ ಎಂಬುದನ್ನು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿತು. ಗ್ರಾಮೀಣ ಬ್ಯಾಂಕುಗಳೂ ಆ ಸುತ್ತೋಲೆಯಲ್ಲಿ ಸೇರಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಬಗೆಯ ನಿಯಮ ಸಹಕಾರಿ ಬ್ಯಾಂಕುಗಳಿಗೂ ಬಂತು. ಆದರೆ ನಮ್ಮ ಭಾಗದಲ್ಲಿ ಓಣಿಗೊಂದರಂತೆ ಇರುವ ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ, ಆದ್ದರಿಂದ ಅವುಗಳಿಗೆ ಈ ಆದೇಶ ತಾಗುವುದಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಿಯಮವಿದ್ದರೂ ಅದು ನಮ್ಮ ಜನಕ್ಕೆ ಅಷ್ಟಾಗಿ ಒದಗುವುದಿಲ್ಲವೇಕೆ, ಅದರಲ್ಲಿ ಯಾವ ಕೊರತೆಯಿದೆ ಎಂಬುದನ್ನು ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಹೇಳಬೇಕೆಂದಿದ್ದೇನೆ.

ಖರೀದಿ ಪತ್ರದಿಂದ ಖಾತೆಯವರೆಗೆ

2023ರಲ್ಲಿ ಬೆಂಗಳೂರು, ಮಂಗಳೂರು ಮುಂತಾದ ಕಡೆಗಳಲ್ಲಿ ಜನರು ಒಂದು ವಿಚಿತ್ರ ದೂರನ್ನು ಹೊತ್ತು ಠಾಣೆಗೆ ಬರತೊಡಗಿದರು. ಅವರಿಗೆ ಯಾವ ಮೋಸದ ಕರೆಯೂ ಬಂದಿರಲಿಲ್ಲ. ಅವರು ಒಟಿಪಿಯನ್ನು ಯಾರಿಗೂ ಹೇಳಿರಲಿಲ್ಲ, ಎಟಿಎಂ ಕಾರ್ಡನ್ನು ಕಳೆದುಕೊಂಡಿರಲಿಲ್ಲ. ಆದರೂ ಖಾತೆಯಿಂದ ಹತ್ತು ಹತ್ತು ಸಾವಿರ ರೂಪಾಯಿ ಹೋಗಿತ್ತು. ಇವರಲ್ಲಿ ಬಹಳ ಮಂದಿಗೆ ಸಾಮಾನ್ಯವಾಗಿದ್ದ ಸಂಗತಿಯೆಂದರೆ, ಸ್ವಲ್ಪ ಕಾಲದ ಹಿಂದೆ ಅವರು ಉಪನೋಂದಣಿ ಕಚೇರಿಯಲ್ಲಿ ಆಸ್ತಿಯ ಪತ್ರವೊಂದನ್ನು ನೋಂದಾಯಿಸಿದ್ದರು.

ನಡೆದದ್ದು ಹೀಗೆ. ಖರೀದಿ ಪತ್ರ ನೋಂದಣಿಯಾಗುವಾಗ ಕೊಡುವವರ ಮತ್ತು ಕೊಳ್ಳುವವರ ಬೆರಳಚ್ಚು ಪತ್ರದ ಮೇಲೆ ಮುದ್ರಿತವಾಗುತ್ತಿತ್ತು. ಗುರುತಿಗಾಗಿ ಆಧಾರ್ ಸಂಖ್ಯೆಯೂ ಅದರೊಡನೆ ಇರುತ್ತಿತ್ತು. ನೋಂದಣಿ ಇಲಾಖೆಯ ಕಾವೇರಿ 2.0 ಎಂಬ ಜಾಲತಾಣದಿಂದ ಇಂಥ ಪತ್ರಗಳ ಪ್ರತಿಗಳನ್ನು ಕಳ್ಳರು ಇಳಿಸಿಕೊಂಡರು. ಅದರಲ್ಲಿದ್ದ ಬೆರಳಚ್ಚಿನ ಚಿತ್ರದಿಂದ ಮೆತ್ತನೆಯ ಅಚ್ಚೊಂದನ್ನು ತಯಾರಿಸಿ ಬೆರಳು ಓದುವ ಯಂತ್ರದ ಮೇಲಿಟ್ಟರು. ಯಂತ್ರ ಅದನ್ನು ನಿಜವಾದ ಬೆರಳೆಂದೇ ನಂಬಿತು. ಮಂಗಳೂರು ಪೊಲೀಸರು ಈ ಸಂಬಂಧ ಬಿಹಾರದ ಕೆಲವರನ್ನು ಬಂಧಿಸಿದರು. ಆಮೇಲೆ ಇಲಾಖೆ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು.

ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯಿಂದ ಹಣ ಬರುವುದು ಹೇಗೆಂದು ಕೇಳುವಿರಾದರೆ, ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಪಕ್ಕದಲ್ಲಿ ಬ್ಯಾಂಕಿನ ಪ್ರತಿನಿಧಿಯೊಬ್ಬರು ಸಣ್ಣ ಯಂತ್ರವಿಟ್ಟುಕೊಂಡು ಕೂತಿರುವುದನ್ನು ನೀವು ಕಂಡಿದ್ದೀರಿ. ಪಿಂಚಣಿಯ ಹಣ ತೆಗೆಯಲು ಅಜ್ಜಿಯರು ಅಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಆಧಾರ್ ಆಧಾರಿತ ಪಾವತಿ ಎಂಬ ಆ ವ್ಯವಸ್ಥೆಗೆ ಬೇಕಾದುದು ಮೂರೇ ಸಂಗತಿ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಕಾರ್ಡು ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಒಂದು ಸಲಕ್ಕೆ ತೆಗೆಯಬಹುದಾದ ಹಣದ ಮಿತಿ ಹತ್ತು ಸಾವಿರ ರೂಪಾಯಿ. ದೂರುಗಳಲ್ಲಿ ಆ ಅಂಕಿ ಪದೇಪದೇ ಕಾಣಿಸಿಕೊಂಡದ್ದು ಇದೇ ಕಾರಣದಿಂದ.

1990ರ ದಶಕದ ಸಾಕ್ಷರತಾ ಆಂದೋಲನದ ಕಾಲದಲ್ಲಿ ನಾವು ಶಿಕ್ಷಕರು ರಾತ್ರಿ ಹೊತ್ತು ಕಂದೀಲು ಹಿಡಿದು ಓಣಿಗಳಿಗೆ ಹೋಗಿ, ಹೆಬ್ಬೆಟ್ಟು ಒತ್ತುವ ಕೈಗಳಿಗೆ ಸಹಿ ಮಾಡುವುದನ್ನು ಕಲಿಸಿದೆವು. ಸಾಲಪತ್ರಗಳ ಮೇಲೆ ತಿಳಿಯದೆ ಒತ್ತಿದ ಹೆಬ್ಬೆಟ್ಟು ಎಷ್ಟು ಮನೆಗಳನ್ನು ಹಾಳುಮಾಡಿತ್ತೆಂಬುದನ್ನು ಕಂಡವರು ನಾವು. ಈಗ ಓದಿದವರೂ ಓದದವರೂ ಮತ್ತೆ ಹೆಬ್ಬೆಟ್ಟಿಗೇ ಮರಳಿದ್ದೇವೆ. ಸಹಿಯನ್ನು ಬದಲಿಸಿಕೊಳ್ಳಬಹುದು, ಪಿನ್ನನ್ನು ಬದಲಿಸಿಕೊಳ್ಳಬಹುದು. ಹೆಬ್ಬೆಟ್ಟನ್ನು ಮಾತ್ರ ಬದಲಿಸಿಕೊಳ್ಳಲಾಗದು. ನಮ್ಮ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ಹಿನ್ನೀರಿಗೆ ಭೂಮಿ ಕಳೆದುಕೊಂಡು ಬೇರೆ ಕಡೆ ಹೊಲ, ಮನೆ ಖರೀದಿಸಿದವರು ಎಷ್ಟೋ ಜನ. ಅವರೆಲ್ಲರ ಹೆಬ್ಬೆಟ್ಟೂ ಒಂದಲ್ಲ ಒಂದು ನೋಂದಣಿ ಪತ್ರದಲ್ಲಿದೆ. ಆದಕಾರಣ ಇದು ದೂರದ ಮಂಗಳೂರಿನ ಸಂಗತಿಯೆಂದು ಸುಮ್ಮನಿರುವಂತಿಲ್ಲ.

ನಷ್ಟ ಯಾರ ಪಾಲಿಗೆ?

2017ರ ನಿಯಮದಲ್ಲಿ ಎರಡು ಪ್ರಶ್ನೆಗಳಿವೆ. ತಪ್ಪು ಯಾರದು ಎಂಬುದು ಮೊದಲನೆಯದು. ಬ್ಯಾಂಕಿನ ಸಂದೇಶ ಬಂದ ಮೇಲೆ ಎಷ್ಟು ದಿನಕ್ಕೆ ತಿಳಿಸಿದಿರಿ ಎಂಬುದು ಎರಡನೆಯದು.

ತಪ್ಪು ಬ್ಯಾಂಕಿನದಾಗಿದ್ದರೆ, ಎಂದರೆ ಅದರ ನೌಕರನ ವಂಚನೆಯಿಂದಲೋ ಅದರ ವ್ಯವಸ್ಥೆಯ ದೋಷದಿಂದಲೋ ಹಣ ಹೋಗಿದ್ದರೆ, ಗ್ರಾಹಕನ ಮೇಲೆ ಒಂದು ಪೈಸೆಯ ಹೊಣೆಯೂ ಇಲ್ಲ. ಆಗ ನೀವು ಯಾವಾಗ ತಿಳಿಸಿದಿರಿ ಎಂಬ ಪ್ರಶ್ನೆಯೂ ಏಳುವುದಿಲ್ಲ.

ತಪ್ಪು ಗ್ರಾಹಕನದಾಗಿದ್ದರೆ, ಎಂದರೆ ಪಿನ್ನನ್ನೋ ಒಟಿಪಿಯನ್ನೋ ಅವನೇ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಪೂರ್ತಿ ಅವನದು. ತಿಳಿಸಿದ ಮೇಲೆ ಹೋದ ಹಣ ಬ್ಯಾಂಕಿನದು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹತ್ತು ಗಂಟೆಗೆ ಒಮ್ಮೆ ಹಣ ಹೋಗಿ, ಹತ್ತೂ ಇಪ್ಪತ್ತಕ್ಕೆ ನೀವು ದೂರು ದಾಖಲಿಸಿ, ಹತ್ತೂವರೆಗೆ ಮತ್ತೊಮ್ಮೆ ಹೋದರೆ, ಎರಡನೆಯ ಸಲ ಹೋದದ್ದನ್ನು ಬ್ಯಾಂಕು ತುಂಬಿಕೊಡಬೇಕು. ಆದ್ದರಿಂದ ಒಟಿಪಿ ಹೇಳಿಬಿಟ್ಟೆನೆಂಬ ನಾಚಿಕೆಯಿಂದ ಸುಮ್ಮನೆ ಕೂಡುವುದು ನಷ್ಟವನ್ನು ಹೆಚ್ಚಿಸಿಕೊಂಡಂತೆ.

ಮೂರನೆಯದು ನಮ್ಮ ಹೆಬ್ಬೆಟ್ಟಿನ ಪ್ರಕರಣಕ್ಕೆ ಹೊಂದುವಂಥದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಸೋರಿಕೆಯಾಗಿದೆ. ಇಂಥಲ್ಲಿ ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ, ಪೂರ್ತಿ ಹಣ ಮರಳಬೇಕು. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ಮಾತ್ರ ಗ್ರಾಹಕನ ಹೊಣೆ. ಆ ಮಿತಿ ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ.

ಇದೆಲ್ಲಕ್ಕೂ ಬೆನ್ನೆಲುಬಾಗಿ ಇನ್ನೊಂದು ಮಾತಿದೆ. ಗ್ರಾಹಕನದೇ ತಪ್ಪೆಂದು ಸಾಧಿಸುವ ಭಾರ ಬ್ಯಾಂಕಿನ ಮೇಲಿದೆ. ನಾನು ನಿರಪರಾಧಿಯೆಂದು ನೀವು ಸಾಧಿಸಬೇಕಿಲ್ಲ.

ಒಂದು ಲೆಕ್ಕ

ತರಗತಿಯಲ್ಲಿ ಸೂತ್ರ ಬರೆದ ಮೇಲೆ ಲೆಕ್ಕ ಬಿಡಿಸಿ ತೋರಿಸದೆ ಮುಂದೆ ಹೋದವನಲ್ಲ ನಾನು. ಬನಹಟ್ಟಿಯ ನೇಕಾರ ಮನೆತನದ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮನೆಯ ಜಾಗದ ಖರೀದಿ ಪತ್ರ ಅವಳ ಹೆಸರಿನಲ್ಲಿದೆ. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಸೀರೆ ನೇಯ್ದ ಕೂಲಿಯ ಹಣವಿದೆ. 2023ರ ಅಕ್ಟೋಬರ್ 13, ಶುಕ್ರವಾರ ಸಂಜೆ ಎರಡು ಸಲ ಹತ್ತು ಹತ್ತು ಸಾವಿರ, ಒಟ್ಟು ಇಪ್ಪತ್ತು ಸಾವಿರ ರೂಪಾಯಿ ಹೋಯಿತು. ಸಂದೇಶಗಳು ಆ ಸಂಜೆಯೇ ಫೋನಿಗೆ ಬಂದವು.

ಮೂರು ದಿನ ಯಾವಾಗ ಮುಗಿಯುತ್ತದೆ? ಸೋಮವಾರ ಎಂದು ಅವಸರದಲ್ಲಿ ಹೇಳುವವರಿದ್ದಾರೆ. ಆದರೆ ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಖಾತೆಯಿರುವ ಶಾಖೆಯ ಕೆಲಸದ ದಿನಗಳನ್ನು ಮಾತ್ರ ಎಣಿಸಬೇಕು. 14ನೆಯ ತಾರೀಖು ಎರಡನೆಯ ಶನಿವಾರ, 15 ಭಾನುವಾರ. ಸೋಮವಾರ 16 ಮೊದಲ ದಿನ, 17 ಎರಡನೆಯ ದಿನ, 18ನೆಯ ತಾರೀಖು ಬುಧವಾರ ಮೂರನೆಯ ದಿನ. ಬುಧವಾರದೊಳಗೆ ಅವಳು ತಿಳಿಸಿದರೆ ಇಪ್ಪತ್ತು ಸಾವಿರವೂ ಮರಳಬೇಕು. ಎಣಿಕೆ ತಿಳಿಯದ ಕಾರಣ ಮಂಗಳವಾರವೇ "ಅವಧಿ ಮುಗಿಯಿತು" ಎಂದು ನಂಬಿ ಮರಳಿ ಹೋಗುವವರು ಇರಬಾರದೆಂದು ಇಷ್ಟು ವಿವರಿಸಿದೆ.

ಅವಳು ಸೋಮವಾರ 16ರಂದೇ ತಿಳಿಸಿದಳೆನ್ನೋಣ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ತೋರಿಸಬೇಕು. ವಿಮೆಯ ಹಣ ಬರಲಿ ಎಂದು ಕಾಯುವಂತಿಲ್ಲ. ನಡುವೆ ಆಯುಧಪೂಜೆ, ವಿಜಯದಶಮಿ, ನಾಲ್ಕನೆಯ ಶನಿವಾರ, ಭಾನುವಾರಗಳನ್ನು ಕಳೆದರೆ ಆ ಹತ್ತನೆಯ ದಿನ ಅಕ್ಟೋಬರ್ 31. ಜಮೆಯ ತಾರೀಖನ್ನು ಹಣ ಹೋದ ದಿನಕ್ಕೇ ಹಿಡಿಯಬೇಕು, ಬಡ್ಡಿ ತಪ್ಪಬಾರದು. ತನಿಖೆ ಮುಗಿಯುವವರೆಗೆ ಆ ಹಣವನ್ನು ತೆಗೆಯದಂತೆ ಬ್ಯಾಂಕು ತಡೆಹಿಡಿಯಬಹುದು. ಪಾಸ್‌ಬುಕ್ಕಿನಲ್ಲಿ ಹಣ ಕಂಡರೂ ಕೈಗೆ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ದೂರು ತಲುಪಿದ 90 ದಿನಗಳೊಳಗೆ, ಎಂದರೆ ಸಂಕ್ರಾಂತಿಯ ಹೊತ್ತಿಗೆ, 2024ರ ಜನವರಿ 14ರೊಳಗೆ ಬ್ಯಾಂಕು ಅಂತಿಮವಾಗಿ ತೀರ್ಮಾನಿಸಬೇಕು. ತೀರ್ಮಾನಿಸಲಾಗದಿದ್ದರೆ ನಿಯಮದಲ್ಲಿ ಹೇಳಿದ ಪರಿಹಾರವನ್ನು ಕೊಟ್ಟುಬಿಡಬೇಕು.

ಇನ್ನು ಲೆಕ್ಕದ ಎರಡನೆಯ ಭಾಗ. ಅವಳ ಮಗ ಇಚಲಕರಂಜಿಯಲ್ಲಿದ್ದಾನೆ, ಶುಕ್ರವಾರ 20ರಂದು ಊರಿಗೆ ಬಂದು ಸಂದೇಶ ನೋಡಿ ಅಂದೇ ಬ್ಯಾಂಕಿಗೆ ಹೋದನೆನ್ನಿ. ಅದು ಐದನೆಯ ಕೆಲಸದ ದಿನ. ಹೊಣೆಗೆ ಮಿತಿಯಿದೆಯಲ್ಲ, ಹತ್ತು ಸಾವಿರ ಕಳೆದು ಉಳಿದ ಹತ್ತು ಸಾವಿರ ಬರುತ್ತದೆ ಎಂದು ಅವನು ತಿಳಿಯುತ್ತಾನೆ. ಆದರೆ ನಿಯಮದ ಮಾತನ್ನು ಎಚ್ಚರದಿಂದ ಓದಬೇಕು. ಆ ಮಿತಿ ಇಡೀ ನಷ್ಟಕ್ಕಲ್ಲ, ಒಂದೊಂದು ವ್ಯವಹಾರಕ್ಕೆ. ಒಂದು ಸಲ ಹೋದದ್ದು ಹತ್ತು ಸಾವಿರ, ಮಿತಿಯೂ ಹತ್ತು ಸಾವಿರ. ಎರಡನೆಯ ಸಲವೂ ಹಾಗೆಯೇ. ಹಾಗಾಗಿ ಇಪ್ಪತ್ತು ಸಾವಿರವೂ ಅವಳ ಪಾಲಿಗೆ, ಬ್ಯಾಂಕು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಖಾತೆ ಜನಧನದ್ದಾಗಿದ್ದರೆ ಒಂದೊಂದರಲ್ಲಿ ಐದು ಸಾವಿರದಂತೆ ಅರ್ಧ ಮರಳುತ್ತಿತ್ತು.

ಅದೇ ದಿನ ಅದೇ ಐದನೆಯ ದಿನಕ್ಕೆ ಪಟ್ಟಣದ ಒಬ್ಬ ಗ್ರಾಹಕರು ತಮ್ಮ ಉಳಿತಾಯ ಖಾತೆಯಿಂದ ಒಂದೇ ಸಲಕ್ಕೆ ಎರಡು ಲಕ್ಷ ಹೋಯಿತೆಂದು ತಿಳಿಸಿದರೆ, ಅವರ ಹೊಣೆ ಹತ್ತು ಸಾವಿರ ಮಾತ್ರ. ಒಂದು ಲಕ್ಷ ತೊಂಬತ್ತು ಸಾವಿರ ಮರಳುತ್ತದೆ. ದೊಡ್ಡ ಮೊತ್ತ ಕಳೆದುಕೊಂಡವರಿಗೆ ನೆರಳಾಗುವ ನಿಯಮ ನೇಕಾರ ತಾಯಿಗೆ ನೆರಳಾಗುವುದಿಲ್ಲ. ಹೆಬ್ಬೆಟ್ಟಿನ ಕಳ್ಳರು ಕದಿಯುವುದೇ ಹತ್ತು ಸಾವಿರದ ತುಂಡುಗಳಲ್ಲಿ. ಅಂಥವರ ಕೈಗೆ ಸಿಕ್ಕವರಿಗೆ ನಾಲ್ಕರಿಂದ ಏಳು ದಿನಗಳ ಆ ರಿಯಾಯಿತಿ ಕಾಗದದ ಮೇಲಷ್ಟೇ ಇದೆ. ಅವರ ಪಾಲಿಗೆ ನಿಜವಾಗಿ ಇರುವುದು ಮೂರು ದಿನ ಮಾತ್ರ.

ಬ್ಯಾಂಕಿನ ಕಿಟಕಿಯಲ್ಲಿ ಕೇಳಿಬರುವ ಮಾತುಗಳು

"ನಿಮ್ಮ ಬೆರಳೇ ಒತ್ತಿದೆ, ಆದ್ದರಿಂದ ನೀವೇ ತೆಗೆದಿದ್ದೀರಿ" ಎಂಬ ಉತ್ತರ ಕೆಲವೆಡೆ ಸಿಗುತ್ತದೆ. ಯಂತ್ರ ಬೆರಳನ್ನು ಒಪ್ಪಿತೆಂಬುದಕ್ಕೂ ಮನುಷ್ಯ ಅಲ್ಲಿದ್ದನೆಂಬುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಕಾವೇರಿಯ ಪ್ರಕರಣವೇ ತೋರಿಸಿಕೊಟ್ಟಿತು. ಹಣ ತೆಗೆದ ಯಂತ್ರ ಯಾವ ಪ್ರತಿನಿಧಿಯದು, ಯಾವ ಊರಿನಲ್ಲಿತ್ತು, ಸಮಯವೆಷ್ಟು ಎಂಬ ವಿವರವನ್ನು ಲಿಖಿತವಾಗಿ ಕೇಳಿ. ಆ ಸಂಜೆ ಬನಹಟ್ಟಿಯ ಮಗ್ಗದ ಮುಂದೆ ಕೂತಿದ್ದವಳ ಬೆರಳು ಬೇರೆ ರಾಜ್ಯದ ಯಂತ್ರದ ಮೇಲೆ ಒತ್ತಿತೆಂದರೆ ಉತ್ತರ ಕೊಡಬೇಕಾದವರು ಬ್ಯಾಂಕಿನವರು. ಇದಕ್ಕೆ ನಿಮ್ಮಿಂದಲೂ ಒಂದು ದಾಖಲೆ ಒದಗಿಸಲು ಸಾಧ್ಯ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಕಳೆದ ಆರು ತಿಂಗಳ ಇತಿಹಾಸ ಸಿಗುತ್ತದೆ. ಯಾವ ದಿನ, ಯಾವ ಹೊತ್ತು, ಬೆರಳಿನಿಂದಲೋ ಒಟಿಪಿಯಿಂದಲೋ ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಮುದ್ರಿಸಿ ದೂರಿಗೆ ಲಗತ್ತಿಸಿ.

"ಮೊದಲು ಪೊಲೀಸ್ ದೂರಿನ ಪ್ರತಿ ತನ್ನಿ" ಎಂಬುದು ಇನ್ನೊಂದು ಮಾತು. ಪೊಲೀಸರಿಗೆ ತಿಳಿಸುವುದು ಅವಶ್ಯ. 1930 ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ ಹಣ ಮುಂದಿನ ಖಾತೆಯಲ್ಲಿ ಇನ್ನೂ ಉಳಿದಿದ್ದಲ್ಲಿ ತಡೆಯುವ ಸಂಭವವಿದೆ. ಆದರೆ 2017ರ ಸುತ್ತೋಲೆಯಲ್ಲಿ ಹತ್ತು ದಿನಗಳ ಜಮೆಗೆ ಪೊಲೀಸ್ ದೂರನ್ನು ಷರತ್ತಾಗಿ ಇಟ್ಟಿಲ್ಲ. ಠಾಣೆಗೆ ಅಲೆಯುವುದರಲ್ಲಿ ಆ ಮೂರು ದಿನ ಕಳೆಯಬಾರದು. 1930ಕ್ಕೆ ಹೇಳಿದರೆ ಬ್ಯಾಂಕಿಗೂ ಹೇಳಿದಂತಾಯಿತೆಂದು ತಿಳಿಯಬೇಡಿ. ಮೂರು ದಿನಗಳ ಎಣಿಕೆ ನಿಲ್ಲುವುದು ನೀವು ನಿಮ್ಮ ಬ್ಯಾಂಕಿಗೆ ತಿಳಿಸಿದಾಗ. ಬ್ಯಾಂಕಿನ ಸಹಾಯವಾಣಿಗೆ ಹೇಳಿದರೂ ಆಗುತ್ತದೆ. ಆದರೆ ದೂರಿನ ಸಂಖ್ಯೆ ಪಡೆಯದೆ ಫೋನು ಇಡಬಾರದು. ಆ ಸಂಖ್ಯೆಯನ್ನು ಕೊಡುವುದೂ ತಾರೀಖು, ಸಮಯ ದಾಖಲಿಸುವುದೂ ಬ್ಯಾಂಕಿನ ಕರ್ತವ್ಯವೆಂದು ಅದೇ ಸುತ್ತೋಲೆ ಹೇಳುತ್ತದೆ.

ಮಾತಿನಲ್ಲಿ ಹೇಳಿ ಬಂದರೆ ಸಾಲದು. ಅರ್ಜಿ ಹೀಗಿರಲಿ:

"ನನ್ನ ಉಳಿತಾಯ ಖಾತೆಯಿಂದ 13-10-2023ರಂದು ಆಧಾರ್ ಆಧಾರಿತ ಪಾವತಿಯ ಮೂಲಕ ತಲಾ ರೂ. 10,000ದ ಎರಡು ವ್ಯವಹಾರಗಳು ನನ್ನ ಅನುಮತಿಯಿಲ್ಲದೆ ನಡೆದಿವೆ. ತಮ್ಮ ಸಂದೇಶ ಅದೇ ದಿನ ತಲುಪಿದೆ. ನಾನು ಯಾರಿಗೂ ಯಾವ ಗುಪ್ತ ವಿವರವನ್ನೂ ಕೊಟ್ಟಿಲ್ಲ. ಆ ಸಮಯದಲ್ಲಿ ನಾನು ಮನೆಯಲ್ಲಿಯೇ ಇದ್ದೆನು. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೂರು ಕೆಲಸದ ದಿನಗಳೊಳಗೆ ತಿಳಿಸುತ್ತಿದ್ದೇನೆ. ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ಜಮೆ ಮಾಡಬೇಕೆಂದೂ, ಖಾತೆಯಲ್ಲಿ ಆಧಾರ್ ಪಾವತಿಯನ್ನು ನಿಲ್ಲಿಸಬೇಕೆಂದೂ, ವ್ಯವಹಾರ ನಡೆದ ಸ್ಥಳದ ವಿವರ ಕೊಡಬೇಕೆಂದೂ ವಿನಂತಿ."

ಎರಡು ಪ್ರತಿ ಬರೆದು, ಒಂದರ ಮೇಲೆ ಶಾಖೆಯ ಮುದ್ರೆ, ತಾರೀಖು, ಸ್ವೀಕರಿಸಿದವರ ಸಹಿ ಪಡೆದು ಇಟ್ಟುಕೊಳ್ಳಿ. ಮುಂದೆ ನ್ಯಾಯ ಕೇಳುವಾಗ ಆ ಮುದ್ರೆಗೆ ಬಹಳ ಬೆಲೆಯಿದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ cms.rbi.org.in ಎಂಬ ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಈ ಹಾದಿ ವ್ಯರ್ಥವಲ್ಲವೆಂಬುದಕ್ಕೆ ಒಂದು ತೀರ್ಪನ್ನು ನೆನಪಿಸುತ್ತೇನೆ. ಅಸ್ಸಾಮಿನ ಗ್ರಾಹಕರೊಬ್ಬರು 2021ರಲ್ಲಿ ಆನ್‌ಲೈನಿನಲ್ಲಿ ಕೊಂಡ ಬಟ್ಟೆಯನ್ನು ಹಿಂದಿರುಗಿಸಲು ಹೊರಟಾಗ ಮೋಸಗಾರರ ಬಲೆಗೆ ಬಿದ್ದು 94,204 ರೂಪಾಯಿ 80 ಪೈಸೆ ಕಳೆದುಕೊಂಡರು. ಅವರು ತಡಮಾಡದೆ ಬ್ಯಾಂಕಿಗೆ ತಿಳಿಸಿದ್ದರು. ಭಾರತೀಯ ಸ್ಟೇಟ್ ಬ್ಯಾಂಕು ಗ್ರಾಹಕರದೇ ಅಜಾಗ್ರತೆಯೆಂದು ವಾದಿಸಿತು. ಗುವಾಹಟಿ ಉಚ್ಚ ನ್ಯಾಯಾಲಯ 2017ರ ಇದೇ ಸುತ್ತೋಲೆಯನ್ನು ಮುಂದಿಟ್ಟುಕೊಂಡು ಹಣ ಮರಳಿಸಬೇಕೆಂದಿತು. 2025ರ ಜನವರಿ 3ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬೇಗನೆ ತಿಳಿಸಿದ್ದು ಅಲ್ಲಿ ಗ್ರಾಹಕರ ದೊಡ್ಡ ಬಲವಾಯಿತು. ಮೋಸಗಾರರೊಡನೆ ಮಾತಾಡಿದವರಿಗೇ ಹಣ ಮರಳಿತೆಂದರೆ, ಮಾತೇ ಆಡದ, ಹೆಬ್ಬೆಟ್ಟನ್ನು ಸರಕಾರಿ ಪತ್ರದಿಂದಲೇ ಕಳೆದುಕೊಂಡವರ ಹಕ್ಕು ಇನ್ನೂ ಗಟ್ಟಿಯಾದುದು.

ಬೀಗ ಹಾಕುವ ಮಾತು

ಬೆರಳಿಗೆ ಬೀಗ ಹಾಕುವ ಉಪಾಯವೂ ಉಂಟು. ಆಧಾರ್ ಪ್ರಾಧಿಕಾರದ ತಾಣದಲ್ಲಿ ಅಥವಾ ಅದರ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಆ ಬೆರಳಚ್ಚಿನಿಂದ ಯಾರೂ ಹಣ ತೆಗೆಯಲಾರರು. ಆಧಾರಿಗೆ ಫೋನ್ ನಂಬರು ಜೋಡಣೆಯಾಗಿರಬೇಕು. ನಗರದಲ್ಲಿರುವ ನಿಮಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಊರಲ್ಲಿರುವ ತಾಯಂದಿರು ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗಲೂ ಬೀಗ ಅಡ್ಡಬರುತ್ತದೆ. ಪ್ರತಿ ತಿಂಗಳು ಸ್ವಲ್ಪ ಹೊತ್ತು ಬೀಗ ತೆರೆದುಕೊಡುವವರು ಮನೆಯಲ್ಲಿರಬೇಕು. ಅಂಥವರಿಲ್ಲದಿದ್ದರೆ ಖಾತೆಯಲ್ಲಿ ಆಧಾರ್ ಪಾವತಿಯನ್ನು ಮಾತ್ರ ನಿಲ್ಲಿಸುವಂತೆ ಬ್ಯಾಂಕಿಗೆ ಬರೆದುಕೊಡುವುದು ಒಳಿತು. ಯಾವುದನ್ನು ಮಾಡಿದರೂ ಮಾಡದಿದ್ದರೂ, ಬ್ಯಾಂಕಿನಲ್ಲಿರುವ ಫೋನ್ ನಂಬರು ಈಗ ಬಳಕೆಯಲ್ಲಿರುವುದೇ ಎಂದು ಈ ವಾರವೇ ನೋಡಿ. ಸಂದೇಶ ಯಾರಿಗೋ ಹೋಗುತ್ತಿದ್ದರೆ ಮೂರು ದಿನ ನಿಮಗೆ ತಿಳಿಯದೆಯೇ ಕಳೆದುಹೋಗುತ್ತವೆ.

ನನ್ನ ಅಭಿಪ್ರಾಯ

ಈ ನಿಯಮವನ್ನು ಪರಿಷ್ಕರಿಸುವುದಾಗಿ ರಿಸರ್ವ್ ಬ್ಯಾಂಕು 2026ರ ಫೆಬ್ರವರಿಯಲ್ಲಿ ಹೇಳಿತು. ಯಾವ ಘಟನೆಗೆ ಯಾವ ನಿಯಮ ಎಂಬುದು ಹಣ ಹೋದ ದಿನವನ್ನು ಅವಲಂಬಿಸುವುದರಿಂದ, ಆ ದಿನ ಜಾರಿಯಲ್ಲಿದ್ದ ನೀತಿಯ ಪ್ರತಿಯನ್ನು ಶಾಖೆಯಿಂದ ಕೇಳಿ ಪಡೆಯಬೇಕು. ಪರಿಷ್ಕರಣೆಯೆಂದಾಗ ಸಾಮಾನ್ಯ ಗ್ರಾಹಕನ ಪರವಾಗಿ ಎರಡು ಮಾತು ಹೇಳುವುದು ಅಗತ್ಯವೆಂದು ನನಗನಿಸುತ್ತದೆ.

ಮೊದಲನೆಯದು, ಹೊಣೆಯ ಮಿತಿ ಒಂದೊಂದು ವ್ಯವಹಾರಕ್ಕಲ್ಲದೆ ಒಂದು ಘಟನೆಯ ಇಡೀ ನಷ್ಟಕ್ಕೆ ಇರಬೇಕು, ಕಳೆದ ಹಣದ ಇಂತಿಷ್ಟು ಪಾಲನ್ನು ಮೀರಬಾರದು. ಇಪ್ಪತ್ತು ಸಾವಿರ ಕಳೆದವಳಿಗೆ ಸೊನ್ನೆ, ಎರಡು ಲಕ್ಷ ಕಳೆದವರಿಗೆ ಒಂದು ಲಕ್ಷ ತೊಂಬತ್ತು ಸಾವಿರ ಎಂಬ ಲೆಕ್ಕ ಗಣಿತದಲ್ಲಿ ಸರಿಯಿರಬಹುದು, ನ್ಯಾಯದಲ್ಲಿ ಸರಿಯಲ್ಲ.

ಎರಡನೆಯದು, ಬ್ಯಾಂಕಿನ ಸಂದೇಶ ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಸಂದೇಶ ತಲುಪಿದಂದಿನಿಂದ ಮೂರು ದಿನವೆಂದು ನಿಯಮ ಹೇಳುತ್ತದೆ. ಇಂಗ್ಲಿಷಿನ ನಾಲ್ಕು ಸಂಕ್ಷಿಪ್ತ ಅಕ್ಷರಗಳಿರುವ ಸಂದೇಶ ಆ ತಾಯಿಯ ಫೋನಿಗೆ ತಲುಪುತ್ತದೆ, ಅವಳಿಗೆ ತಲುಪುವುದಿಲ್ಲ. "ನಿಮ್ಮ ಹೆಬ್ಬೆಟ್ಟಿನಿಂದ ಹತ್ತು ಸಾವಿರ ತೆಗೆಯಲಾಗಿದೆ, ನೀವಲ್ಲದಿದ್ದರೆ ಮೂರು ದಿನದೊಳಗೆ ತಿಳಿಸಿ" ಎಂದು ಕನ್ನಡದಲ್ಲಿ ಬರೆಯಲು ಬ್ಯಾಂಕಿಗೆ ಎಷ್ಟು ಖರ್ಚಾದೀತು? ಓದಲಾಗದ ನೋಟೀಸು ಕೊಟ್ಟು ಅವಧಿ ಎಣಿಸುವುದು, ಓದಲು ಬಾರದವನಿಂದ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಹಳೆಯ ಸಾಹುಕಾರರ ರೀತಿಗೆ ಹತ್ತಿರವಾದುದು.

ಅಂಥ ಸಂದೇಶ ಬರುವ ಕಾಲದವರೆಗೆ ಆ ಕೆಲಸ ನಿಮ್ಮದು. ಪುಣೆ, ಬೆಂಗಳೂರು, ಸೊಲ್ಲಾಪುರಗಳಲ್ಲಿರುವ ನೀವು ರವಿವಾರ ಅವ್ವನಿಗೆ ಫೋನು ಮಾಡಿದಾಗ ಮಳೆ-ಬೆಳೆ ವಿಚಾರಿಸಿದಂತೆಯೇ ಈ ವಾರ ಬ್ಯಾಂಕಿನಿಂದ ಬಂದ ಸಂದೇಶಗಳನ್ನು ಓದಿಸಿ ಕೇಳಿರಿ. ವಾರಕ್ಕೊಮ್ಮೆ ಕೇಳಿದರೆ ಕೆಲವೊಮ್ಮೆ ಆ ಮೂರು ಕೆಲಸದ ದಿನ ತಪ್ಪಬಹುದು. ವಾರಕ್ಕೆರಡು ಸಲ ಫೋನು ಮಾಡಿದರೆ ತಪ್ಪುವ ಸಂಭವ ಕಡಿಮೆ, ಅವಳಿಗೂ ಸಂತೋಷವಾಗುತ್ತದೆ.